ಅರ್ಧ ಸುತ್ತು ತಿರುಗುವ ತ್ರಿಭುಜ: ಸ್ಲೈಡಿನಲ್ಲೂ ಗೋಡೆಯ ಮೇಲೂ ಕೋನ ಕೆಡದಂತೆ ರಚಿಸುವ ಕ್ರಮ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ತ್ರಿಭುಜದ ಮೂರು ಕೋನಗಳ ಮೊತ್ತ 180° ಎಂಬುದನ್ನು ಒಂಬತ್ತನೆಯ ತರಗತಿಗೆ ಪವರ್‌ಪಾಯಿಂಟ್ ಸ್ಲೈಡಿನಲ್ಲಿ ತ್ರಿಭುಜವನ್ನೇ ತಿರುಗಿಸಿ ತೋರಿಸಬೇಕೆಂದಿದ್ದೇನೆ. Spin ಕೊಟ್ಟರೆ ತ್ರಿಭುಜ ಮೂಲ ತ್ರಿಭುಜದ ಪಕ್ಕಕ್ಕೆ ಬಂದು ಕೂರುವುದಿಲ್ಲ. ಕೈಯಿಂದ ಸರಿಸಿದರೆ ಸಣ್ಣ ಸಂದಿ ಉಳಿಯುತ್ತದೆ. ಸಾಲದ್ದಕ್ಕೆ, ನಾನು 50° ಎಂದು ಬರೆದ ಕೋನವನ್ನು ಹುಡುಗನೊಬ್ಬ ಗೋಡೆಯ ಮೇಲೆ ಅಳೆದಾಗ 58° ಬಂತು. ಎಲ್ಲಿ ತಪ್ಪಾಗುತ್ತಿದೆ, ಸರ್?

ಉತ್ತರ: ಇಲ್ಲಿ ಎರಡು ತಪ್ಪುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ತ್ರಿಭುಜ ತನ್ನ ಜಾಗದಲ್ಲಿ ಕೂರದಿರುವುದಕ್ಕೆ ಕಾರಣ ಸ್ಲೈಡಿನ ಒಳಗಿದೆ; 50° ಇದ್ದದ್ದು 58° ಆದುದಕ್ಕೆ ಕಾರಣ ಬಹುಮಟ್ಟಿಗೆ ಪ್ರೊಜೆಕ್ಟರಿನಲ್ಲಿದೆ. ಮೊದಲನೆಯದನ್ನು ಸರಿಪಡಿಸದೆ ಎರಡನೆಯದಕ್ಕೆ ಹೋದರೆ ಯಾವುದು ಯಾವುದರ ಪರಿಣಾಮ ಎಂಬುದು ತಿಳಿಯುವುದಿಲ್ಲವಾದ್ದರಿಂದ ಸ್ಲೈಡಿನಿಂದಲೇ ಆರಂಭಿಸುತ್ತೇನೆ.

ಒಂದು ಆಕೃತಿಗೆ Spin ಕೊಟ್ಟಾಗ ಅದು ತನ್ನ ಶೃಂಗದ ಸುತ್ತಲಾಗಲಿ, ಬಾಹುವಿನ ಮಧ್ಯಬಿಂದುವಿನ ಸುತ್ತಲಾಗಲಿ ತಿರುಗುವುದಿಲ್ಲ. ಆಕೃತಿಯನ್ನು ಆಯ್ಕೆ ಮಾಡಿದಾಗ ಅದರ ಸುತ್ತ ಹಿಡಿಕೆಗಳಿರುವ ಒಂದು ಆಯತ ಕಾಣುತ್ತದಲ್ಲ, ಆ ಆಯತದ ನಟ್ಟನಡುವಿನ ಬಿಂದುವೇ ತಿರುಗುವಿಕೆಯ ಕೇಂದ್ರ. ನಿಮ್ಮ ಪಾಠಕ್ಕೆ ಬೇಕಾಗಿರುವುದಾದರೋ ಎರಡು ಬಾಹುಗಳ ಮಧ್ಯಬಿಂದುಗಳ ಸುತ್ತ ನಡೆಯುವ ಅರ್ಧ ಸುತ್ತುಗಳು. ಮುಂದೆ ನಾನು ರಚಿಸುವ ತ್ರಿಭುಜದಲ್ಲಿ ಆ ಆಯತದ ನಡುವಿನ ಬಿಂದುವಿಗೂ AC ಬಾಹುವಿನ ಮಧ್ಯಬಿಂದುವಿಗೂ ಇರುವ ಅಂತರ 2.445 ಸೆಂ.ಮೀ. ಕೇಂದ್ರ ಇಷ್ಟು ತಪ್ಪಿದರೆ ಅರ್ಧ ಸುತ್ತಿನ ಕೊನೆಗೆ ತ್ರಿಭುಜ ಇದರ ಎರಡರಷ್ಟು, ಅಂದರೆ 4.89 ಸೆಂ.ಮೀ. ದೂರದಲ್ಲಿ ನಿಲ್ಲುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಎಳೆದು ತಂದು ಕೂರಿಸುವುದರಿಂದಲೇ ನೀವು ಹೇಳುವ ಸಂದಿ ಉಳಿಯುತ್ತಿದೆ. ಎಳೆಯುವ ಕೌಶಲವನ್ನು ಹೆಚ್ಚಿಸಿಕೊಂಡು ಪ್ರಯೋಜನವಿಲ್ಲ, ಕೇಂದ್ರವನ್ನೇ ಸರಿಯಾದ ಜಾಗಕ್ಕೆ ತರಬೇಕು.

ಅದಕ್ಕೂ ಮೊದಲು ತ್ರಿಭುಜ ನಿಖರವಾಗಿರಬೇಕು. ಮೌಸಿನಿಂದ ಎಳೆದ ತ್ರಿಭುಜದ ಕೋನ 50° ಎಂದು ನಾವು ಬರೆಯುತ್ತೇವೆಯೇ ಹೊರತು ಅದು 50° ಆಗಿರುವುದಿಲ್ಲ. ಪವರ್‌ಪಾಯಿಂಟಿನಲ್ಲಿ ಕೋನವನ್ನು ನೇರವಾಗಿ ಟೈಪಿಸಿ ತ್ರಿಭುಜ ಪಡೆಯುವ ವ್ಯವಸ್ಥೆ ಇಲ್ಲ, ಆದರೆ ಅಗಲ ಮತ್ತು ಎತ್ತರಗಳನ್ನು ಟೈಪಿಸಬಹುದು. ಆದ್ದರಿಂದ ಕೋನವನ್ನು ಅಗಲ ಮತ್ತು ಎತ್ತರಗಳಾಗಿ ಪರಿವರ್ತಿಸಿಕೊಳ್ಳುವುದೇ ಸರಿಯಾದ ದಾರಿ. A ಶೃಂಗದಲ್ಲಿ 50°, B ಶೃಂಗದಲ್ಲಿ 60°, C ಶೃಂಗದಲ್ಲಿ 70° ಇರುವ, ಪಾದ AB 12 ಸೆಂ.ಮೀ. ಇರುವ ತ್ರಿಭುಜವನ್ನು ತೆಗೆದುಕೊಳ್ಳೋಣ. C ಶೃಂಗದಿಂದ AB ಮೇಲೆ ಲಂಬ ಎಳೆದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಲಂಬದ ಉದ್ದ h ಆದರೆ, ಹತ್ತನೆಯ ತರಗತಿಯ ತ್ರಿಕೋನಮಿತಿಯೇ ಸಾಕು:

```
h = 12 ÷ (1/tan 50° + 1/tan 60°) = 8.47
AD = h ÷ tan 50° = 7.11
DB = 12 − 7.11 = 4.89
```

ಇಲ್ಲಿ D ಎಂಬುದು ಲಂಬದ ಬುಡ. ಎರಡನೆಯ ದಶಮಾಂಶ ಸ್ಥಾನಕ್ಕೆ ನಿಲ್ಲಿಸಿದ್ದರಿಂದ ಕೋನದಲ್ಲಿ ಆಗುವ ವ್ಯತ್ಯಾಸ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಕಪ್ಪುಹಲಗೆಯ ಕೋನಮಾಪಕಕ್ಕೆ ಅದು ಸಿಕ್ಕುವುದಿಲ್ಲ. ವಿಶಾಲಕೋನ ತ್ರಿಭುಜ ಬೇಕಿದ್ದರೆ ಅತ್ಯಂತ ಉದ್ದದ ಬಾಹುವನ್ನೇ ಪಾದವಾಗಿ ಇಟ್ಟುಕೊಳ್ಳಿ. ಆಗ ಲಂಬದ ಬುಡ ಯಾವಾಗಲೂ ಪಾದದ ಒಳಗೇ ಬೀಳುತ್ತದೆ, ಇದೇ ಲೆಕ್ಕ ನಡೆಯುತ್ತದೆ.

ಸ್ಲೈಡಿನ ಅಳತೆ 33.87 × 19.05 ಸೆಂ.ಮೀ. ಇದೆಯೆಂದು ಇಟ್ಟುಕೊಳ್ಳುತ್ತೇನೆ; ಪವರ್‌ಪಾಯಿಂಟಿನ ಸಾಮಾನ್ಯ 16:9 ಸ್ಲೈಡ್ ಇದೇ ಅಳತೆಯದು. Shapes ಪಟ್ಟಿಯಲ್ಲಿರುವ Right Triangle ಆಕೃತಿಯನ್ನು ಎರಡು ಬಾರಿ ಹಾಕಿ. ಆ ಆಕೃತಿಯ ಲಂಬಕೋನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಮೊದಲನೆಯದನ್ನು Flip Horizontal ಮಾಡಿ, ಅಗಲ 7.11, ಎತ್ತರ 8.47, ಎಡದಿಂದ ಸ್ಥಾನ 10, ಮೇಲಿನಿಂದ ಸ್ಥಾನ 7 ಎಂದು Format Shape ಫಲಕದಲ್ಲಿ ಟೈಪಿಸಿ. ಎರಡನೆಯದನ್ನು ಹಾಗೆಯೇ ಬಿಟ್ಟು, ಅಗಲ 4.89, ಎತ್ತರ 8.47, ಎಡದಿಂದ 17.11, ಮೇಲಿನಿಂದ 7 ಎಂದು ಕೊಡಿ. ಎರಡನ್ನೂ ಆಯ್ಕೆ ಮಾಡಿ Merge Shapes ಅಡಿಯಲ್ಲಿರುವ Union ಒತ್ತಿದರೆ ಒಂದೇ ತ್ರಿಭುಜವಾಗುತ್ತದೆ. ಇಷ್ಟೂ ಹೊತ್ತು ಮೌಸಿನಿಂದ ಯಾವುದನ್ನೂ ಎಳೆಯಬಾರದು. ಎಳೆದರೆ ಆಕೃತಿ ಜಾಲರಿಯ ಗೆರೆಗೋ ಪಕ್ಕದ ಆಕೃತಿಯ ಅಂಚಿಗೋ ತಾನಾಗಿ ಅಂಟಿಕೊಳ್ಳುತ್ತದೆ, ನೀವು ಟೈಪಿಸಿದ ಸಂಖ್ಯೆ ಸದ್ದಿಲ್ಲದೆ ಬದಲಾಗಿಬಿಡುತ್ತದೆ.

ಕೋನದ ಗುರುತುಗಳಿಗೆ ಹೆಚ್ಚಿನವರು Arc ಆಕೃತಿಯನ್ನು ಬಳಸಿ ಹಳದಿ ಹಿಡಿಕೆಯನ್ನು ಎಳೆದು ಹೊಂದಿಸುತ್ತಾರೆ. ಅದಕ್ಕಿಂತ ಅಚ್ಚುಕಟ್ಟಾದ ವಿಧಾನವೊಂದಿದೆ. ಅಗಲವೂ ಎತ್ತರವೂ 3 ಸೆಂ.ಮೀ. ಇರುವ ವೃತ್ತವನ್ನು, ಅದರ ಕೇಂದ್ರ ಶೃಂಗದ ಮೇಲೆಯೇ ಬರುವಂತೆ ಇಡಿ: A ಶೃಂಗಕ್ಕೆ ಎಡದಿಂದ 8.5, ಮೇಲಿನಿಂದ 13.97, B ಶೃಂಗಕ್ಕೆ 20.5 ಮತ್ತು 13.97, C ಶೃಂಗಕ್ಕೆ 15.61 ಮತ್ತು 5.5. ತ್ರಿಭುಜದ ಒಂದು ನಕಲು ಮಾಡಿ, ಅದನ್ನು ಮೂಲದ ಮೇಲೆಯೇ ಕೂರುವಂತೆ ಸ್ಥಾನವನ್ನು ಮತ್ತೆ ಟೈಪಿಸಿ, ವೃತ್ತವನ್ನೂ ಆ ನಕಲನ್ನೂ ಆಯ್ಕೆ ಮಾಡಿ Merge Shapes ಅಡಿಯ Intersect ಒತ್ತಿದರೆ, ಎರಡಕ್ಕೂ ಸಾಮಾನ್ಯವಾದ ಭಾಗ, ಅಂದರೆ ಆ ಕೋನದ ತ್ರಿಜ್ಯಾಂತರ ಖಂಡ ಮಾತ್ರ ಉಳಿಯುತ್ತದೆ. ತ್ರಿಭುಜದ ಬಾಹುಗಳೇ ಅದನ್ನು ಕತ್ತರಿಸಿರುವುದರಿಂದ ಗುರುತು ಕೋನಕ್ಕಿಂತ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುವಂತಿಲ್ಲ. Intersect ಮಾಡಿದಾಗ ವೃತ್ತವೂ ನಕಲೂ ಖರ್ಚಾಗಿಬಿಡುವುದರಿಂದ ಮೂರು ಕೋನಗಳಿಗೆ ಮೂರು ನಕಲು ಬೇಕಾಗುತ್ತವೆ. ಮೂರಕ್ಕೂ ಬೇರೆ ಬೇರೆ ಬಣ್ಣ ಕೊಡಿ: A ಕೆಂಪು, B ನೀಲಿ, C ಹಳದಿ ಎಂದಿರಲಿ. ಈ ವಿಧಾನದ ಇನ್ನೊಂದು ಲಾಭ ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ತ್ರಿಭುಜವನ್ನೂ ಮೂರು ತ್ರಿಜ್ಯಾಂತರ ಖಂಡಗಳನ್ನೂ ಒಟ್ಟಾಗಿ Group ಮಾಡಿ. A, B, C ಎಂಬ ಅಕ್ಷರಗಳನ್ನು ಮಾತ್ರ ಗುಂಪಿನ ಹೊರಗೇ ಬಿಡಿ. ಒಳಗೆ ಸೇರಿಸಿದರೆ ಅರ್ಧ ಸುತ್ತಿನ ನಂತರ ಅವು ತಲೆಕೆಳಗಾಗಿ ನಿಲ್ಲುತ್ತವೆ. ತಿರುಗಿದ ತ್ರಿಭುಜದಲ್ಲಿ ಯಾವ ಕೋನ ಯಾವುದು ಎಂಬುದನ್ನು ಬಣ್ಣವೇ ಹೇಳಲಿ. ಹೊರರೇಖೆಯನ್ನು ಆದಷ್ಟು ತೆಳ್ಳಗಿಡಿ, ಅಥವಾ ತೆಗೆದೇ ಬಿಡಿ. ಪವರ್‌ಪಾಯಿಂಟ್ ರೇಖೆಯ ಅರ್ಧ ದಪ್ಪವನ್ನು ಬಾಹುವಿನ ಒಳಕ್ಕೂ ಇನ್ನರ್ಧವನ್ನು ಹೊರಕ್ಕೂ ಹಾಕುವುದರಿಂದ, ದಪ್ಪ ರೇಖೆಯಿದ್ದರೆ ಎರಡು ತ್ರಿಭುಜಗಳು ಸರಿಯಾಗಿ ಕೂಡಿದ್ದರೂ ಒಂದರ ಮೇಲೊಂದು ಹತ್ತಿದಂತೆ ಕಾಣುತ್ತವೆ.

ಇನ್ನು ಕೇಂದ್ರದ ವಿಷಯ. AC ಬಾಹುವಿನ ಮಧ್ಯಬಿಂದು M ಆಗಿರಲಿ. ನಾವು ಟೈಪಿಸಿದ ಸಂಖ್ಯೆಗಳಿಂದ M ಎಡದಿಂದ 13.555, ಮೇಲಿನಿಂದ 11.235 ಸೆಂ.ಮೀ. ದೂರದಲ್ಲಿದೆ. ತ್ರಿಭುಜವನ್ನು M ಸುತ್ತ ಅರ್ಧ ಸುತ್ತು ತಿರುಗಿಸಿದರೆ A ಹೋಗಿ C ಮೇಲೆ, C ಬಂದು A ಮೇಲೆ ಕೂರುತ್ತದೆ, B ಹೊಸದೊಂದು ಬಿಂದುವಿಗೆ, P ಎನ್ನೋಣ, ಹೋಗುತ್ತದೆ. ಮೂಲ ತ್ರಿಭುಜವೂ ತಿರುಗಿದ ತ್ರಿಭುಜವೂ ಕೂಡಿ ABCP ಎಂಬ ಸಮಾಂತರ ಚತುರ್ಭುಜವಾಗುತ್ತದೆ. ಸಮಾಂತರ ಚತುರ್ಭುಜದ ಕರ್ಣಗಳು M ಬಿಂದುವಿನಲ್ಲಿ ಪರಸ್ಪರ ಅರ್ಧಿಸುವುದರಿಂದ ಅದರ ಸುತ್ತಲಿನ ಆಯತದ ನಡುವಿನ ಬಿಂದುವೂ M ಆಗಿಯೇ ತೀರಬೇಕು. ಉಪಾಯ ಇಲ್ಲಿಯೇ ಅಡಗಿದೆ. ತಿರುಗಬೇಕಾದ ತ್ರಿಭುಜದ ಜೊತೆಗೆ, ಅದು ತಿರುಗಿ ಹೋಗಿ ಕೂರಬೇಕಾದ ಜಾಗದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತ್ರಿಭುಜವನ್ನಿಟ್ಟು ಎರಡನ್ನೂ ಗುಂಪು ಮಾಡಿದರೆ, ಆ ಗುಂಪಿನ ಕೇಂದ್ರ ತಾನಾಗಿಯೇ M ಮೇಲೆ ಬರುತ್ತದೆ.

ಕೈಗೆ ಬರುವ ಕ್ರಮ ಹೀಗೆ. ಬಣ್ಣದ ತ್ರಿಭುಜದ ಗುಂಪಿಗೆ ಎರಡು ನಕಲು ಮಾಡಿ. ಒಂದನ್ನು ಮೂಲದ ಮೇಲೆಯೇ, ಎಡದಿಂದ 10 ಮತ್ತು ಮೇಲಿನಿಂದ 7 ಎಂದು ಕೊಟ್ಟು ಕೂರಿಸಿ, ತಿರುಗುವುದು ಇದು. ಇನ್ನೊಂದಕ್ಕೆ Rotation 180° ಕೊಟ್ಟು, ಎಡದಿಂದ 5.11, ಮೇಲಿನಿಂದ 7 ಎಂದು ಟೈಪಿಸಿ. 10 ಕ್ಕೆ 7.11 ಕೂಡಿಸಿ 12 ಕಳೆದರೆ ಈ 5.11 ಬರುತ್ತದೆ. ಈಗ ಎರಡನ್ನೂ ಸೇರಿಸಿ Group ಮಾಡಿ, ಗುಂಪಿನ ಅಳತೆಯನ್ನು ಓದಿ. ಅಗಲ 16.89, ಎತ್ತರ 8.47, ಎಡದಿಂದ 5.11 ಎಂದು ತೋರಿಸಿದರೆ ಕೇಂದ್ರ ನಿಖರವಾಗಿ M ಮೇಲಿದೆ. ಬೇರೆ ಸಂಖ್ಯೆ ತೋರಿಸಿದರೆ ಗುಂಪಿನೊಳಗೆ ಬೇಡದ್ದೇನೋ ಸೇರಿಕೊಂಡಿದೆ ಎಂದರ್ಥ. Arc ಬಳಸಿದವರು ಸಿಕ್ಕಿಬೀಳುವುದು ಇಲ್ಲಿಯೇ: ಆ ಆಕೃತಿಯ ಕಾಣುವ ಭಾಗ ತ್ರಿಭುಜದ ಒಳಗಿದ್ದರೂ ಅದರ ಚೌಕಟ್ಟು ತ್ರಿಭುಜದ ಹೊರಗೆ ಚಾಚಬಹುದು. ಹಾಗೆ ಒಂದು ಬದಿಗೆ ಮಾತ್ರ ಚಾಚಿದಾಗ ಗುಂಪಿನ ಆಯತ ಹಿಗ್ಗಿ ಕೇಂದ್ರ ಸರಿದುಹೋಗುತ್ತದೆ. Intersect ಮಾಡಿದ ತ್ರಿಜ್ಯಾಂತರ ಖಂಡಗಳು ತ್ರಿಭುಜದ ಎಲ್ಲೆಯನ್ನು ದಾಟುವುದಿಲ್ಲ, ಅದೇ ನಾನು ಹೇಳಿದ ಇನ್ನೊಂದು ಲಾಭ. ಒಂದು ವೇಳೆ ಹೊರಚಾಚುವ ಏನನ್ನಾದರೂ ಸೇರಿಸಲೇಬೇಕಾದರೆ, ಅದರ ಅರ್ಧ ಸುತ್ತಿನ ಜೋಡಿಯನ್ನೂ ಕಾಣದ ತ್ರಿಭುಜದೊಂದಿಗೆ ಸೇರಿಸಿ. ಆಗ ಎರಡೂ ಬದಿ ಸಮನಾಗಿ ಹಿಗ್ಗಿ ಕೇಂದ್ರ ಉಳಿಯುತ್ತದೆ.

ಅಳತೆ ಸರಿಯೆಂದು ಖಚಿತವಾದ ಮೇಲೆ ಎರಡನೆಯ ತ್ರಿಭುಜವನ್ನು ಕಾಣದಂತೆ ಮಾಡಿ. ಅದರ ಪ್ರತಿಯೊಂದು ಭಾಗಕ್ಕೂ No Fill ಮತ್ತು No Line ಕೊಟ್ಟರೆ ಆಯಿತು. ಅಳಿಸಿಹಾಕಬೇಡಿ, ಕಾಣದಿದ್ದರೂ ಅದು ಗುಂಪಿನ ಆಯತದ ಲೆಕ್ಕಕ್ಕೆ ಬರುತ್ತಲೇ ಇರುತ್ತದೆ, ನಮಗೆ ಬೇಕಾಗಿರುವುದೂ ಅದೇ. ಕಾಣದ ವಸ್ತುವನ್ನು ಮೌಸಿನಿಂದ ಹಿಡಿಯುವುದು ಕಷ್ಟವಾದ್ದರಿಂದ Alt+F10 ಒತ್ತಿ Selection Pane ತೆರೆದು, ಅಲ್ಲಿ ಪ್ರತಿ ಗುಂಪಿಗೂ ಹೆಸರು ಕೊಟ್ಟುಕೊಳ್ಳಿ.

ಈ ಗುಂಪಿಗೆ Spin ಕೊಟ್ಟು Effect Options ಒಳಗೆ Half Spin ಮತ್ತು Counterclockwise ಆರಿಸಿ. ದಿಕ್ಕನ್ನು ನಾನು ಸುಮ್ಮನೆ ಹೇಳುತ್ತಿಲ್ಲ. B ಶೃಂಗ M ಬಿಂದುವಿನಿಂದ ಸುಮಾರು 9.45 ಸೆಂ.ಮೀ. ದೂರದಲ್ಲಿದೆ. ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಅದು ಕೆಳಗಿನಿಂದ ಸುತ್ತಿ ಬರುತ್ತದೆ, ದಾರಿಯಲ್ಲಿ ಮೇಲಿನಿಂದ 20.7 ಸೆಂ.ಮೀ. ವರೆಗೆ ಇಳಿಯುತ್ತದೆ, ಸ್ಲೈಡಿನ ಎತ್ತರವೇ 19.05 ಆಗಿರುವುದರಿಂದ ಶೃಂಗ ಕೆಲಹೊತ್ತು ಪರದೆಯಿಂದ ಕಣ್ಮರೆಯಾಗುತ್ತದೆ. ಎದುರು ದಿಕ್ಕಿನಲ್ಲಿ ಹೋದರೆ ಮೇಲಿನ ಅಂಚಿನಿಂದ 1.8 ಸೆಂ.ಮೀ. ಕೆಳಗೇ ಸುತ್ತಿ ಬಂದು P ಬಿಂದುವಿನಲ್ಲಿ ನಿಲ್ಲುತ್ತದೆ. ಅರ್ಧ ಸುತ್ತಿಗೆ ಕನಿಷ್ಠ ನಾಲ್ಕು ಸೆಕೆಂಡು ಹಿಡಿಯಲಿ. ಶೀರ್ಷಿಕೆಯನ್ನು ಆ ಸ್ಲೈಡಿನಿಂದ ತೆಗೆದುಬಿಡಿ, ಅಲ್ಲಿ ಅದಕ್ಕೆ ಜಾಗವಿಲ್ಲ.

BC ಬಾಹುವಿನ ಮಧ್ಯಬಿಂದು N ಸುತ್ತಲಿನ ಎರಡನೆಯ ತಿರುಗುವಿಕೆಗೂ ಇದೇ ಕ್ರಮ. ಕಾಣದ ತ್ರಿಭುಜದ ಸ್ಥಾನ ಎಡದಿಂದ 17.11 ಆಗುತ್ತದೆ, ಗುಂಪಿನ ಅಗಲ 19.11 ಎಂದು ತೋರಿಸಬೇಕು, ದಿಕ್ಕು Clockwise. ಇಲ್ಲಿ A ಶೃಂಗ ಹೋಗಿ ನಿಲ್ಲುವ ಬಿಂದುವನ್ನು Q ಎನ್ನೋಣ. ಕೊನೆಯಲ್ಲಿ P ಯಿಂದ Q ವರೆಗೆ ಮೇಲಿನ ಅಂಚು 24 ಸೆಂ.ಮೀ., ಕೆಳಗಿನ AB 12 ಸೆಂ.ಮೀ. ಇರುವ ತ್ರಾಪಿಜ್ಯವೊಂದು ಸ್ಲೈಡಿನಲ್ಲಿ ನಿಲ್ಲುತ್ತದೆ, C ಶೃಂಗದಲ್ಲಿ ಕೆಂಪು, ಹಳದಿ, ನೀಲಿ ಕೋನಗಳು ಒಂದರ ಪಕ್ಕ ಒಂದು ಕೂಡಿರುತ್ತವೆ.

ಇಷ್ಟೆಲ್ಲದರ ಬದಲು Morph ಎಂಬ ಸ್ಲೈಡ್ ಬದಲಾವಣೆಯನ್ನು ಬಳಸಬಾರದೇ ಎಂದು ಹಲವು ಶಿಕ್ಷಕರು ಕೇಳುತ್ತಾರೆ. ಈ ಪಾಠಕ್ಕೆ ಅದು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಮೊದಲ ಮತ್ತು ಕೊನೆಯ ಸ್ಥಿತಿ ಸರಿಯಾಗಿಯೇ ಇರುತ್ತವೆ, ಆದರೆ ನಡುವೆ ಆಕೃತಿ ತನ್ನದೇ ಚೌಕಟ್ಟಿನ ನಡುವಿನ ಬಿಂದುವಿನ ಸುತ್ತ ತಿರುಗುತ್ತಾ ನೇರ ಗೆರೆಯಲ್ಲಿ ಜಾರುತ್ತದೆ. M ಬಿಂದು ಅಲುಗದೆ ನಿಂತಿರುವುದು ಎಲ್ಲಿಯೂ ಕಾಣುವುದಿಲ್ಲ. ಮಕ್ಕಳು ನೋಡಿದ್ದು ಒಂದು ಸರಿತ ಮತ್ತು ಒಂದು ತಿರುವು, ನೀವು ಹೇಳುತ್ತಿರುವುದು ಒಂದು ಬಿಂದುವಿನ ಸುತ್ತಲಿನ ಪರಿಭ್ರಮಣ, ಎರಡಕ್ಕೂ ತಾಳೆಯಾಗುವುದಿಲ್ಲ.

ಸ್ಲೈಡುಗಳ ಅನುಕ್ರಮದಲ್ಲಿ ಒಂದು ಹಂತವನ್ನು ಎಲ್ಲರೂ ಹಾರಿಬಿಡುವುದನ್ನು ಕಂಡಿದ್ದೇನೆ. ಮೂರು ಕೋನಗಳು C ಬಳಿ ಕೂಡಿದ ಕೂಡಲೇ "ನೋಡಿ, ಸರಳ ರೇಖೆಯಾಯಿತು" ಎಂದು ಹೇಳಿ ಮುಗಿಸುತ್ತಾರೆ. ಅದು ಸರಳ ರೇಖೆಯಂತೆ ಕಾಣುತ್ತದೆ ಎಂಬುದಷ್ಟೇ ಅಲ್ಲಿ ತೋರಿದ್ದು; 179° ಇದ್ದರೂ ಹಾಗೆಯೇ ಕಾಣುತ್ತಿತ್ತು. ಆದ್ದರಿಂದ ಮೊದಲ ಅರ್ಧ ಸುತ್ತಿನ ನಂತರ ನಿಲ್ಲಿಸಿ, ತಿರುಗಿದ ತ್ರಿಭುಜದ ಕೆಂಪು ಕೋನ PCA ಮೂಲದ ಕೆಂಪು ಕೋನ BAC ಗೆ ಸಮ ಏಕೆ ಎಂದು ಕೇಳಬೇಕು. ತಿರುಗಿಸಿದರೆ ಕೋನದ ಅಳತೆ ಬದಲಾಗದು ಎಂಬುದು ಉತ್ತರ. ಇವೆರಡೂ AC ಛೇದಕದ ಎದುರುಬದುರು ಬದಿಗಳಲ್ಲಿರುವ ಪರ್ಯಾಯ ಕೋನಗಳಾದ್ದರಿಂದ CP ಮತ್ತು AB ಸಮಾಂತರ ಎಂದು ಅಲ್ಲಿಯೇ ಬರೆಯಿರಿ. ಎರಡನೆಯ ಅರ್ಧ ಸುತ್ತಿನ ನಂತರ ಇದೇ ತರ್ಕದಿಂದ CQ ಮತ್ತು AB ಸಮಾಂತರ ಎಂದು ಬರೆಯಿರಿ. C ಮೂಲಕ AB ಗೆ ಸಮಾಂತರವಾಗಿ ಒಂದೇ ಒಂದು ರೇಖೆಯನ್ನು ಎಳೆಯಲು ಸಾಧ್ಯ. ಆದಕಾರಣ CP ಮತ್ತು CQ ಒಂದೇ ರೇಖೆಯ ಭಾಗಗಳು, ಆ ರೇಖೆಯ ಒಂದು ಬದಿಯಲ್ಲಿರುವ ಮೂರು ಕೋನಗಳ ಮೊತ್ತ 180°. PQ ರೇಖೆಯನ್ನು ಈ ವಾಕ್ಯ ಮುಗಿದ ಮೇಲೆಯೇ ಸ್ಲೈಡಿನಲ್ಲಿ ಮೂಡಿಸಬೇಕು. ಮೊದಲೇ ಎಳೆದಿಟ್ಟರೆ ತ್ರಿಭುಜಗಳನ್ನು ಆ ರೇಖೆಗೆ ಹೊಂದುವಂತೆ ಕತ್ತರಿಸಿ ತಂದಿದ್ದಾರೆ ಎಂಬ ಅನುಮಾನ ಚುರುಕಾದ ಮಕ್ಕಳಲ್ಲಿ ಹುಟ್ಟುತ್ತದೆ, ಅದು ನ್ಯಾಯವಾದ ಅನುಮಾನವೇ.

ಪ್ರತಿ ಅರ್ಧ ಸುತ್ತಿನ ಕೊನೆಯ ಸ್ಥಿತಿಯನ್ನು ಚಲನೆಯಿಲ್ಲದ ಪ್ರತ್ಯೇಕ ಸ್ಲೈಡಾಗಿಯೂ ಇಟ್ಟುಕೊಳ್ಳಿ. ಕರೆಂಟು ಹೋದರೆ ಹಂಚಲು ಮುದ್ರಿಸಿಕೊಂಡ ಹಾಳೆಯಲ್ಲಿ ಚಲನೆ ಇರುವುದಿಲ್ಲ, ಆರಂಭದ ಚಿತ್ರ ಮಾತ್ರ ಬರುತ್ತದೆ.

ಈಗ ಗೋಡೆಯ ಮೇಲಿನ 58° ಕಡೆಗೆ ಬರೋಣ. ಆ ಸಂಖ್ಯೆಯೇ ಒಳ್ಳೆಯ ಸುಳಿವು. 16:9 ಅನುಪಾತದ ಸ್ಲೈಡನ್ನು 4:3 ಅನುಪಾತದ ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿಗಳು ಬರುವುದು ಸಹಜ. ಆ ಪಟ್ಟಿಗಳು ಚೆನ್ನಾಗಿ ಕಾಣುವುದಿಲ್ಲವೆಂದು ಯಾರಾದರೂ ಚಿತ್ರ ಪೂರ್ತಿ ತುಂಬುವಂತೆ ಹೊಂದಿಸಿದರೆ ಎತ್ತರ ಮಾತ್ರ 4/3 ಪಟ್ಟು ಹಿಗ್ಗುತ್ತದೆ, ಅಗಲ ಇದ್ದಷ್ಟೇ ಇರುತ್ತದೆ. ಆಗ 50° ಇದ್ದ A ಕೋನದ ಟ್ಯಾನ್ ಬೆಲೆ 1.192 ರಿಂದ 1.589 ಕ್ಕೆ ಏರಿ ಕೋನ 57.8° ಆಗುತ್ತದೆ. ನಿಮ್ಮ ವಿದ್ಯಾರ್ಥಿ ಸರಿಯಾಗಿಯೇ ಅಳೆದಿದ್ದಾನೆ. ಇದೇ ಹಿಗ್ಗುವಿಕೆಯಲ್ಲಿ B ಶೃಂಗದ 60° ಸುಮಾರು 66.6° ಆಗುತ್ತದೆ, C ಶೃಂಗದ 70° ಕುಗ್ಗಿ 55.6° ಆಗುತ್ತದೆ. ಅಂದರೆ ಅತಿ ದೊಡ್ಡ ಕೋನವೇ ಗೋಡೆಯ ಮೇಲೆ ಅತಿ ಚಿಕ್ಕದಾಗಿಬಿಡುತ್ತದೆ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೂರನ್ನೂ ಕೂಡಿಸಿದರೆ ಈಗಲೂ 180° ಬರುತ್ತದೆ, ಏಕೆಂದರೆ ಹಿಗ್ಗಿದ ತ್ರಿಭುಜವೂ ತ್ರಿಭುಜವೇ. ಅರ್ಧ ಸುತ್ತು ತಿರುಗಿದ ತುಂಡೂ ಸಂದಿಯಿಲ್ಲದೆ ಕೂರುತ್ತದೆ, ಏಕೆಂದರೆ ಸಮಾನ ಹಿಗ್ಗುವಿಕೆ ಸಮಾಂತರ ರೇಖೆಗಳನ್ನು ಸಮಾಂತರವಾಗಿಯೇ ಉಳಿಸುತ್ತದೆ. ಹಾಗಾಗಿ ಪಾಠದ ಫಲಿತಾಂಶವನ್ನು ನೋಡಿ ಈ ದೋಷವನ್ನು ಕಂಡುಹಿಡಿಯಲಾಗದು. ಕಣ್ಣಿಗೆ ಸಿಗುವ ಗುರುತೆಂದರೆ ತ್ರಿಭುಜ ಕಾಲು ಸುತ್ತಿನ ಹತ್ತಿರ ಬಂದಾಗ ಬೇರೆಯೇ ಆಕಾರದ್ದಾಗಿ ಕಂಡು, ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನ ಆಕಾರಕ್ಕೆ ಮರಳುವುದು. ಪೈಥಾಗೊರಸ್ ಪ್ರಮೇಯದಂತೆ 90° ತಿರುಗುವಿಕೆ ಬೇಕಾದ ಪಾಠವಾಗಿದ್ದರೆ ತುಂಡುಗಳೇ ಹೊಂದದೆ ದೋಷ ಬಯಲಾಗುತ್ತಿತ್ತು.

ಪ್ರೊಜೆಕ್ಟರಿನ ಮೂಗನ್ನು ಮೇಲಕ್ಕೆತ್ತಿ ಬೆಳಕನ್ನು ಓರೆಯಾಗಿ ಗೋಡೆಗೆ ಬಿಟ್ಟಾಗ ಆಗುವುದು ಇದಕ್ಕಿಂತ ಭಿನ್ನ. ಚಿತ್ರದ ಮೇಲಂಚು ಅಗಲವಾಗಿ ಕೆಳಂಚು ಕಿರಿದಾಗುತ್ತದೆ. ಸರಳ ರೇಖೆಗಳು ಸರಳವಾಗಿಯೇ ಉಳಿಯುವುದರಿಂದ ಆಗಲೂ ಮೊತ್ತ 180°. ಆದರೆ ಪಕ್ಕಕ್ಕೂ ಓರೆಯಾಗಿದ್ದರೆ AB ಮತ್ತು PQ ಸಮಾಂತರವಾಗಿ ಉಳಿಯುವುದಿಲ್ಲ, ಪರ್ಯಾಯ ಕೋನಗಳು ಸಮವಾಗಿರುವುದಿಲ್ಲ, ನಿಮ್ಮ ತರ್ಕದ ಬೆನ್ನೆಲುಬೇ ಗೋಡೆಯ ಮೇಲೆ ಸುಳ್ಳಾಗಿ ಕಾಣುತ್ತದೆ.

ಆದ್ದರಿಂದ ಪಾಠದ ಮೊದಲ ಸ್ಲೈಡಾಗಿ 15 ಸೆಂ.ಮೀ. ಅಗಲ ಮತ್ತು 15 ಸೆಂ.ಮೀ. ಎತ್ತರದ ಚೌಕವೊಂದನ್ನು, ಎರಡೂ ಕರ್ಣಗಳ ಸಹಿತ ಇಟ್ಟುಕೊಳ್ಳಿ. ಮಕ್ಕಳು ಬರುವ ಮೊದಲು ಅದನ್ನು ಗೋಡೆಯ ಮೇಲೆ ಮೂಡಿಸಿ, ಅಳತೆ ಟೇಪಿನಿಂದ ಅಳೆಯಿರಿ. ಅಗಲಕ್ಕಿಂತ ಎತ್ತರ ಹೆಚ್ಚಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ ಅದು ಹಿಗ್ಗುವಿಕೆಯ ದೋಷ: ಪ್ರೊಜೆಕ್ಟರಿನ ಅನುಪಾತದ ಆಯ್ಕೆಯನ್ನು ಸರಿಪಡಿಸಿ, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುಂಡಿ ಮತ್ತು P ಒಟ್ಟಿಗೆ ಒತ್ತಿ Extend ಆರಿಸಿ, ಕಪ್ಪು ಪಟ್ಟಿಗಳು ಬಂದರೆ ಬರಲಿ ಬಿಡಿ. ಮೇಲಂಚು ಕೆಳಂಚುಗಳು ಸಮವಿಲ್ಲದಿದ್ದರೆ ಪ್ರೊಜೆಕ್ಟರ್ ಮೇಲಕ್ಕೋ ಕೆಳಕ್ಕೋ ಓರೆಯಾಗಿದೆ. ಎಡಬಲದ ಅಂಚುಗಳು ಸಮವಿಲ್ಲದಿದ್ದರೆ ಪಕ್ಕಕ್ಕೆ ಓರೆಯಾಗಿದೆ. ಕರ್ಣಗಳನ್ನು ಮಾತ್ರ ಅಳೆದು ನಿಶ್ಚಿಂತರಾಗಬೇಡಿ, ಏಕೆಂದರೆ ಹಿಗ್ಗಿದ ಚೌಕದಲ್ಲೂ, ನೇರವಾಗಿ ಮೇಲಕ್ಕೆತ್ತಿದ ಚಿತ್ರದಲ್ಲೂ ಕರ್ಣಗಳು ಪರಸ್ಪರ ಸಮವಾಗಿಯೇ ಇರುತ್ತವೆ. ಓರೆಯನ್ನು ಪ್ರೊಜೆಕ್ಟರಿನ Keystone ಗುಂಡಿಯಿಂದ ತಿದ್ದಬಹುದಾದರೂ ಚಿತ್ರದ ಚೂಪು ಕಡಿಮೆಯಾಗಿ ತೆಳು ರೇಖೆಗಳು ಮಸುಕಾಗುತ್ತವೆ. ಮೇಜನ್ನೇ ಎತ್ತರಿಸುವುದು ಮೇಲು. ಪಕ್ಕದ ಓರೆಗೆ ನಮ್ಮ ಕಡೆಯ ಶಾಲೆಗಳಲ್ಲಿ ಸುಲಭದ ಆಸರೆಯೊಂದಿದೆ. ಶಹಾಬಾದಿ ಹಾಸುಗಲ್ಲಿನ ಸಂದುಗಳು ಗೋಡೆಗೆ ನೇರವಾಗಿ ಹೋಗಿದ್ದರೆ, ಮೇಜಿನ ಎರಡು ಕಾಲುಗಳನ್ನು ಒಂದೇ ಸಂದಿನ ಮೇಲೆ ನಿಲ್ಲಿಸಿ, ಪ್ರೊಜೆಕ್ಟರನ್ನು ಮೇಜಿನ ಅಂಚಿಗೆ ಸಮನಾಗಿಡಿ. ಚೌಕ ಸರಿಯಾದ ಮೇಲೆ ಕೋನಮಾಪಕದಿಂದ A ಕೋನವನ್ನು ನೀವೇ ಒಮ್ಮೆ ಅಳೆಯಿರಿ. 49° ಯಿಂದ 51° ಒಳಗೆ ಬಂದರೆ ಉಳಿದದ್ದು ಕೈಯ ಮತ್ತು ಉಪಕರಣದ ವ್ಯತ್ಯಾಸ, ಅದನ್ನು ಬೆನ್ನಟ್ಟುವ ಅಗತ್ಯವಿಲ್ಲ.

ಶಾಲೆಯ ಗಣಕದಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಇಂಪ್ರೆಸ್ ಇದ್ದರೆ ಕಾಣದ ತ್ರಿಭುಜದ ಉಪಾಯವನ್ನು ನೆಚ್ಚಬೇಡಿ, ಅಲ್ಲಿ ಬೇರೆ ಅನುಕೂಲವಿದೆ. ಆಕೃತಿಯನ್ನು ಆಯ್ಕೆ ಮಾಡಿ F4 ಒತ್ತಿದರೆ Position and Size ತೆರೆಯುತ್ತದೆ. ಅದರ Rotation ಪುಟದಲ್ಲಿ ತಿರುಗುವಿಕೆಯ ಕೇಂದ್ರದ ಸ್ಥಾನವನ್ನೇ ಟೈಪಿಸಬಹುದು, M ಬಿಂದುವಿಗೆ 13.56 ಮತ್ತು 11.24 ಎಂದು ಕೊಟ್ಟರೆ ಸಾಕು. ಇಂಪ್ರೆಸ್‌ನಲ್ಲಿ ಕೋನದ ಸಂಖ್ಯೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಏರುತ್ತದೆ, ಪವರ್‌ಪಾಯಿಂಟಿನಲ್ಲಿ ಗಡಿಯಾರದ ದಿಕ್ಕಿನಲ್ಲಿ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು. ಸ್ಲೈಡಿನ ಅಳತೆಯನ್ನು ಮೇಲೆ ಹೇಳಿದಂತೆಯೇ ಇಟ್ಟು, ಮೂಲ ತ್ರಿಭುಜದಿಂದ ಪ್ರತಿ ಬಾರಿಯೂ ಹೊಸ ನಕಲು ತೆಗೆದು 30°, 60°, 90°, 120°, 150°, 180° ತಿರುಗಿಸಿ, ಆರು ಸ್ಲೈಡುಗಳಲ್ಲಿ ಒಂದೊಂದನ್ನು ಇಡಿ. N ಸುತ್ತ ಎದುರು ದಿಕ್ಕಿನಲ್ಲಿ ತಿರುಗಿಸಬೇಕಾದ್ದರಿಂದ ಅಲ್ಲಿ 330° ಯಿಂದ ಆರಂಭಿಸಿ 30° ಇಳಿಸುತ್ತಾ ಬನ್ನಿ. ಒಂದು ತಿರುಗಿದ ನಕಲನ್ನೇ ಮತ್ತೆ ತಿರುಗಿಸುತ್ತಾ ಹೋದರೆ ದಶಮಾಂಶದ ಚೂರುಗಳು ಸೇರುತ್ತಾ ಹೋಗಿ ಆರನೆಯ ಹೆಜ್ಜೆಯಲ್ಲಿ ಮತ್ತೆ ನಿಮ್ಮ ಹಳೆಯ ಸಂದಿ ಕಾಣಿಸಿಕೊಳ್ಳಬಹುದು.